‘ಕ್ಯಾನ್’ ಅಂದರೆ ‘ಕ್ಯಾಂಟ್’ ಅಂತ ಕೇಳಿಸುತ್ತಿತ್ತು: ಆಕ್ಸೆಂಟ್ ತರಬೇತಿಯಲ್ಲಿ ನನ್ನ ಅನುಭವ

ಬೆಂಗಳೂರಿನ ಕಾಲ್ ಸೆಂಟರ್‌ಗಳಲ್ಲಿ ವಾಯ್ಸ್ ಅಂಡ್ ಆಕ್ಸೆಂಟ್ ಕಲಿಸುತ್ತಾ ಹದಿನಾರು ವರ್ಷ ಆಯಿತು. ಮೊದಲ ಎಂಟೊಂಬತ್ತು ವರ್ಷ ನಾನೂ ಎಲ್ಲರ ಹಾಗೇ ಕಲಿಸಿದೆ. ನಾಲಿಗೆ ಮಡಚಿ ಅಮೆರಿಕದ ‘ರ’ ಹೇಳಿಸುವುದು, ‘ವಾಟರ್’ ಅನ್ನು ‘ವಾಡರ್’ ಮಾಡಿಸುವುದು, ಎಂಟಿಐ, ಅಂದರೆ ಇಂಗ್ಲಿಷಿನಲ್ಲಿ ಕಾಣುವ ಮಾತೃಭಾಷೆಯ ಪ್ರಭಾವದ ಪಟ್ಟಿ ಹಿಡಿದು ಒಂದೊಂದಾಗಿ ಟಿಕ್ ಹಾಕುವುದು. ಈ ಕೆಲಸದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಬ್ಯಾಚ್ ಮಾತ್ರ ಇನ್ನೂ ಕಣ್ಣ ಮುಂದಿದೆ. ಇಪ್ಪತ್ತೆರಡು ಜನ, ಆರು ವಾರ. ಸಂಬಳ, ರೂಮು, ನನ್ನ ಫೀಸು ಎಲ್ಲ ಸೇರಿ ಕಂಪನಿಗೆ ಮೂರೂವರೆ ಲಕ್ಷದ ಹತ್ತಿರ ಖರ್ಚಾಗಿತ್ತು. ಕೊನೆಯ ದಿನ ಮಕ್ಕಳು ಚೆಂದ ಮಾತಾಡಿದರು, ಮ್ಯಾನೇಜರ್ ಚಪ್ಪಾಳೆ ತಟ್ಟಿದರು. ಫ್ಲೋರಿಗೆ ಹೋಗಿ ಎರಡು ವಾರಕ್ಕೆ, ಕಾಲ್‌ಗಳ ಗುಣಮಟ್ಟ ನೋಡುವ ಕ್ಯೂಎ ತಂಡದ ವರದಿ ಬಂತು. ಗ್ರಾಹಕರು ‘ಸಾರಿ?’, ‘ಸೇ ದಟ್ ಎಗೇನ್?’ ಅಂತ ಕೇಳುವುದು ಕಮ್ಮಿ ಆಗುವ ಬದಲು ಜಾಸ್ತಿ ಆಗಿತ್ತು. ಬೆಳಗಿನ ಜಾವ ಮೂರು ಗಂಟೆಗೆ ಸುಸ್ತಾದ ಹುಡುಗನಿಗೆ ‘ರ’ ನೆನಪಿರುತ್ತದೆ, ಉಳಿದದ್ದು ಮರೆತುಹೋಗುತ್ತದೆ. ಜೊತೆಗೆ ಅಮೆರಿಕದವರ ಹಾಗೆ ಅನಿಸಬೇಕು ಅಂತ ವೇಗ ಬೇರೆ ಏರಿಸಿರುತ್ತಾನೆ. ಆ ಕಂಪನಿ ನನ್ನನ್ನು ಮತ್ತೆ ಕರೆಯಲಿಲ್ಲ.

ದಾರಿ ಸಿಕ್ಕಿದ್ದು ಒಂದೇ ಒಂದು ಕಾಲ್‌ನಿಂದ. ಇನ್ನೊಂದು ಕಂಪನಿ, ಆರೋಗ್ಯ ವಿಮೆಯ ಪ್ರೋಸೆಸ್. ಕಡೂರು ಕಡೆಯ ಹುಡುಗ, ನಾನು ಪಕ್ಕದಲ್ಲಿ ಇನ್ನೊಂದು ಹೆಡ್‌ಸೆಟ್ ಹಾಕಿಕೊಂಡು ಕೇಳುತ್ತಿದ್ದೆ. ಆ ಕಡೆಯ ಹೆಂಗಸು ಅಪಾಯಿಂಟ್‌ಮೆಂಟ್ ಇವತ್ತೇ ರದ್ದು ಮಾಡಬಹುದಾ ಅಂತ ಕೇಳಿದರು. ಹುಡುಗ ಸ್ಪಷ್ಟವಾಗಿ, ‘ಮ್ಯಾಮ್, ಯು ಕ್ಯಾನ್ ಕ್ಯಾನ್ಸಲ್ ಇಟ್ ಟುಡೇ’ ಅಂದ. ಆಕೆ ‘ಯಾಕೆ ಆಗಲ್ಲ?’ ಅಂತ ರೇಗಿದರು. ಇವನು ‘ಕ್ಯಾನ್’ ಮೇಲೆ ಇನ್ನೂ ಒತ್ತು ಕೊಟ್ಟು ಹೇಳಿದ. ಆಕೆಯ ಸಿಟ್ಟು ಏರಿತು. ಮೂರು ಸಲ ಹೀಗೇ ಆಯಿತು. ನಾಲ್ಕು ನಿಮಿಷದಲ್ಲಿ ಮುಗಿಯಬೇಕಾದ ಕಾಲ್ ಹನ್ನೊಂದು ನಿಮಿಷ ಹಿಡಿಯಿತು. ಕ್ಯೂಎ ಶೀಟಿನಲ್ಲಿ ‘ಎಂಟಿಐ ಹೆವಿ’ ಅಂತ ಬರೆದು ಮಾರ್ಕ್ಸ್ ಕತ್ತರಿಸಿದರು.

ಆ ರೆಕಾರ್ಡಿಂಗ್ ಮನೆಗೆ ಹೋಗುವ ಕ್ಯಾಬಿನಲ್ಲೂ ನನ್ನ ತಲೆಯೊಳಗೆ ಓಡುತ್ತಿತ್ತು. ಅಮೆರಿಕದವರು ಆಗುತ್ತೆ ಅನ್ನುವಾಗ ‘ಕ್ಯಾನ್’ ಅಂತ ಪೂರ್ತಿ ಹೇಳುವುದೇ ಇಲ್ಲ. ಸ್ವರ ನುಂಗಿ ‘ಕ್‌ನ್’ ಅನ್ನುತ್ತಾರೆ, ಒತ್ತೆಲ್ಲ ಮುಂದಿನ ಕ್ರಿಯಾಪದದ ಮೇಲೆ. ಆಗಲ್ಲ ಅನ್ನುವಾಗ ಸ್ವರ ಪೂರ್ತಿ ಬರುತ್ತದೆ, ಆದರೆ ಕೊನೆಯ ‘ಟ್’ ಗಂಟಲಲ್ಲೇ ನಿಲ್ಲುತ್ತದೆ. ಅಂದರೆ ಅವರ ಕಿವಿ ‘ಟ್’ಗಾಗಿ ಕಾಯುವುದಿಲ್ಲ, ಸ್ವರ ನೋಡಿ ತೀರ್ಮಾನ ಮಾಡಿಬಿಡುತ್ತದೆ. ನಮಗೆ ಬರೆದ ಅಕ್ಷರವನ್ನೆಲ್ಲ ಪೂರ್ತಿ ಉಚ್ಚರಿಸಿ ರೂಢಿ. ಹುಡುಗ ಒತ್ತಿ ಹೇಳಿದಷ್ಟೂ ಅದು ‘ಕ್ಯಾಂಟ್’ ಆಗುತ್ತಾ ಹೋಯಿತು. ಇದರಲ್ಲಿ ಅವನ ‘ರ’ದ್ದಾಗಲಿ ‘ಟ’ದ್ದಾಗಲಿ ಏನೂ ತಪ್ಪಿರಲಿಲ್ಲ.

ಮಾರನೇ ದಿನ ಅವನಿಗೆ ಎರಡೇ ವಿಷಯ ಹೇಳಿದೆ. ಆಗುತ್ತೆ ಅನ್ನಬೇಕಾದರೆ ‘ಕ್‌ನ್’ ಅಂತ ನುಂಗಿ ‘ಕ್ಯಾನ್ಸಲ್’ ಮೇಲೆ ಭಾರ ಹಾಕು. ಆಗಲ್ಲ ಅನ್ನಬೇಕಾದರೆ ‘ಕ್ಯಾಂಟ್’ ಪದವನ್ನೇ ಬಿಟ್ಟು ‘ಕ್ಯಾನಾಟ್’ ಅನ್ನು. ಒಂದು ವಾರದಲ್ಲಿ ಆ ಗಲಾಟೆ ನಿಂತಿತು. ಅವನ ಮಾತಿನಲ್ಲಿ ಕಡೂರು ಹಾಗೇ ಇತ್ತು.

ಅಲ್ಲಿಂದ ನಾನು ಪಟ್ಟಿ ಹರಿದು ಹಾಕಿ, ಕೇಳುವವರು ನಿಜವಾಗಿ ಎಡವುವ ಜಾಗಗಳನ್ನಷ್ಟೇ ಹಿಡಿದೆ. ಮೊದಲನೆಯದು ಈ ‘ಕ್ಯಾನ್’. ಎರಡನೆಯದು ಪದದ ಶುರುವಿನ ಪ, ಟ, ಕ. ಇಂಗ್ಲಿಷಿನವರು ಅಲ್ಲಿ ಉಸಿರು ಊದಿ ಹೇಳುತ್ತಾರೆ. ನಾವು ಉಸಿರಿಲ್ಲದೆ ಹೇಳಿದರೆ ಅವರಿಗೆ ಬ, ಡ, ಗ ಅನಿಸುತ್ತದೆ. ಪಾಲಿಸಿ ನಂಬರಿನಲ್ಲಿ ‘ಪಿ’ ಅಂದರೆ ಆ ಕಡೆ ‘ಬಿ’ ಬರೆದುಕೊಳ್ಳುತ್ತಾರೆ. ಮಹಾಪ್ರಾಣ ಇರುವ ಭಾಷೆ ನಮ್ಮದು, ಸುಲಭ ಅಂದುಕೊಂಡು ‘ಪ ಬದಲು ಫ ಹೇಳಿ’ ಅಂದೆ. ಎಲ್ಲರೂ ‘ಫಿಶ್’ನ ‘ಫ’ ಹೇಳಿದರು! ಪಾಲಿಸಿ ಹೋಗಿ ಫಾಲಿಸಿ ಆಯಿತು. ಎರಡು ವಾರ ಹಾಳು. ಆಮೇಲೆ ‘ಕ’ದಿಂದ ಶುರು ಮಾಡಿದೆ, ಯಾಕಂದರೆ ‘ಖ’ ಬೇರೆ ಕಡೆ ಜಾರುವುದಿಲ್ಲ. ನನ್ನ ಬ್ಯಾಚ್‌ಗಳಲ್ಲಿ ಹುಬ್ಬಳ್ಳಿ, ಕಲಬುರಗಿ ಕಡೆಯವರಿಗೆ ಇದು ಬೇಗ ಬಂತು. ‘ಖರ್ಚು’ ಅನ್ನುವುದನ್ನೇ ‘ಕರ್ಚು’ ಅನ್ನುವ ನಮ್ಮ ಕಡೆಯವರಿಗೆ ತಡ ಆಯಿತು. ಬಾಯಿಯ ಮುಂದೆ ಬೆರಳಗಲದ ಟಿಶ್ಯೂ ಪಟ್ಟಿ ಇಳಿಬಿಟ್ಟು, ‘ಕೀ’ ಅಂದಾಗ ಅಲುಗಬೇಕು, ‘ಸ್ಕೀ’ ಅಂದಾಗ ಅಲುಗಬಾರದು. ಅದು ಸರಿಹೋದ ಮೇಲೆ ‘ಪ್‌ಹ’. ಅಷ್ಟು ಹೊತ್ತಿಗೆ ತುಟಿ ಕೂಡುತ್ತದೆ, ‘ಫಿಶ್’ ಬರುವುದಿಲ್ಲ. ‘ಸ್ಕೀ’ ಬಿಟ್ಟು ಬರೀ ‘ಕೀ’ ಮಾಡಿಸಿದರೆ ಎಲ್ಲ ಕಡೆ ಊದಲು ಶುರು ಮಾಡುತ್ತಾರೆ, ಹುಷಾರು.

ಮೂರನೆಯದು ಥರ್ಟೀನ್–ಥರ್ಟಿ, ಫಿಫ್ಟೀನ್–ಫಿಫ್ಟಿ. ಇದು ನಿಮಗೆಲ್ಲ ಗೊತ್ತು. ನಾಲ್ಕನೆಯದು ಒಂದಿದೆ, ಕಾಲಿನ ಮೊದಲ ಇಪ್ಪತ್ತು ಸೆಕೆಂಡಿಗೆ ಸಂಬಂಧಪಟ್ಟದ್ದು. ಹೊಸ ಆಕ್ಸೆಂಟಿಗೆ ಕಿವಿ ಒಗ್ಗಲು ಕೆಲವೇ ವಾಕ್ಯ ಸಾಕು, ಆ ಕೆಲವು ವಾಕ್ಯದಲ್ಲಿ ಮುಖ್ಯವಾದದ್ದೇನೂ ಹೇಳಬಾರದು. ಅಲ್ಲಿ ಏನು ಹೇಳಿಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಯಾರೂ ನಂಬಲಿಲ್ಲ. ‘ಇವರು ಇನ್ನೂ ಇಂಡಿಯನ್ ಥರಾನೇ ಕೇಳ್ತಾರಲ್ಲ, ಏನು ಕಲಿಸಿದ್ರಿ ಸರ್?’ ಅಂತ ಒಬ್ಬ ಆಪರೇಷನ್ಸ್ ಮ್ಯಾನೇಜರ್ ಎಲ್ಲರ ಮುಂದೆ ಕೇಳಿದರು. ಅವರಿಗೆ ಬಾಯಿಮಾತಿನ ಉತ್ತರ ಸಾಲದು, ಅಳೆದು ತೋರಿಸಬೇಕಿತ್ತು. ಪರಿಚಯದವರ ಮೂಲಕ ಅಮೆರಿಕದಲ್ಲಿ ಹದಿನಾಲ್ಕು ಕೇಳುಗರನ್ನು ಹುಡುಕಿ, ಕೈಯಿಂದ ದುಡ್ಡು ಕೊಟ್ಟೆ. ನಮ್ಮ ಹುಡುಗರ ರೆಕಾರ್ಡಿಂಗ್ ಒಂದು ಸಲ ಕೇಳಿ, ಕೇಳಿದ್ದನ್ನು ಹಾಗೇ ಟೈಪ್ ಮಾಡಬೇಕು. ಮೊದಲ ಸುತ್ತಿನಲ್ಲಿ ಎಂಟು ಸಾವಿರ ನೀರಿಗೆ ಹೋಯಿತು. ನಾನು ಕೊಟ್ಟಿದ್ದು ಊಹಿಸಬಹುದಾದ ವಾಕ್ಯಗಳು. ಅರ್ಧ ಕೇಳಿದರೂ ಪೂರ್ತಿ ಬರೆದರು, ಎಲ್ಲರಿಗೂ ನೂರಕ್ಕೆ ತೊಂಬತ್ತೈದು. ಎರಡನೇ ಸುತ್ತಿಗೆ ಊಹೆಗೆ ಸಿಗದ ವಾಕ್ಯ ಕಟ್ಟಿದೆ. ಪ್ಯಾಕ್ ಅಂದರೂ ಸರಿ, ಬ್ಯಾಕ್ ಅಂದರೂ ಸರಿ ಅನ್ನುವಂಥವು. ಅದನ್ನು ಕಟ್ಟಲು ಒಂದು ತಿಂಗಳು ಹಿಡಿಯಿತು, ಪಟ್ಟಿ ಯಾರಿಗೂ ಕೊಟ್ಟಿಲ್ಲ. ಒಟ್ಟು ಖರ್ಚು ಇಪ್ಪತ್ತು ಇಪ್ಪತ್ತೆರಡು ಸಾವಿರ. ತರಬೇತಿಗೆ ಮುಂಚೆ ನೂರು ಪದಕ್ಕೆ ಎಪ್ಪತ್ತರ ಆಸುಪಾಸು ಸರಿಯಾಗಿ ಬರೆದಿದ್ದರು. ಎಂಟು ವಾರದ ನಂತರ ತೊಂಬತ್ತರ ಹತ್ತಿರ ಬಂತು. ಆಕ್ಸೆಂಟ್ ಎಷ್ಟು ದಪ್ಪ ಅಂತ ಒಂದರಿಂದ ಒಂಬತ್ತರೊಳಗೆ ಅಂಕ ಕೇಳಿದ್ದೆ. ಅದು ಏಳರಿಂದ ಆರೂವರೆಗೆ ಇಳಿದಿತ್ತು, ಅಷ್ಟೇ. ಆಕ್ಸೆಂಟ್ ದಪ್ಪ ಇದ್ದರೂ ಮಾತು ಪೂರ್ತಿ ಅರ್ಥವಾಗಬಹುದು ಅಂತ ಕೆನಡಾದ ಮನ್ರೋ ಮತ್ತು ಡರ್ವಿಂಗ್ 1995ರಲ್ಲೇ ತೋರಿಸಿದ್ದರು. ನಾನು ಅದನ್ನು ನಮ್ಮ ಹುಡುಗರ ಮೇಲೆ ಮಾಡಿ ತೋರಿಸಿದೆ. ಬೆಂಗಳೂರಿನ ಟ್ರೈನರ್‌ಗಳಲ್ಲಿ ಇಷ್ಟು ಮಾಡಿದವರನ್ನು ನಾನಂತೂ ಕಂಡಿಲ್ಲ.

ಇನ್ನು ನನ್ನ ಕೈಗೆ ಸಿಗದೇ ಹೋದದ್ದು. ನಮ್ಮ ಜೊತೆ ನ್ಯೂಜೆರ್ಸಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಸಹೋದ್ಯೋಗಿ ಇದ್ದರು. ಅವರ ಮಾತು ಅಪ್ಪಟ ಅಮೆರಿಕದ್ದು. ಅವರ ಒಂದೇ ಕ್ಲಿಪ್ಪನ್ನು ಅದೇ ಕೇಳುಗರನ್ನು ಎರಡು ಗುಂಪು ಮಾಡಿ ಕೇಳಿಸಿದೆ. ಒಂದು ಗುಂಪಿಗೆ ಅಮೆರಿಕದ ಹೆಸರು ಹೇಳಿದೆ, ಇನ್ನೊಂದಕ್ಕೆ ಭಾರತದ ಹೆಸರು, ಜೊತೆಗೆ ‘ಬೆಂಗಳೂರಿನಿಂದ’ ಅಂತ. ಎರಡನೇ ಗುಂಪಿನವರು ಆಕ್ಸೆಂಟ್ ದಪ್ಪದ ಅಂಕವನ್ನು ಸುಮಾರು ಎರಡು ಅಂಕ ಏರಿಸಿದರು. ಇಬ್ಬರು ‘ಅರ್ಥ ಮಾಡಿಕೊಳ್ಳಲು ಕಷ್ಟ’ ಅಂತಲೂ ಬರೆದರು. ಏಳೇಳು ಜನರ ಪರೀಕ್ಷೆ, ದೊಡ್ಡದಲ್ಲ. ಆದರೆ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಅಮೆರಿಕದ ವಿದ್ಯಾರ್ಥಿಗಳಿಗೆ ಒಂದೇ ಟೇಪ್ ಕೇಳಿಸಿ ಏಷ್ಯಾದ ಮುಖದ ಫೋಟೋ ತೋರಿಸಿದಾಗ, ಬಿಳಿಯ ಮುಖ ತೋರಿಸಿದಾಗಿನಷ್ಟು ಅವರಿಗೆ ಅರ್ಥವಾಗಲಿಲ್ಲ. ಕಿವಿಗಿಂತ ಮುಂಚೆ ತಲೆ ಕೇಳಿಸಿಕೊಂಡಿರುತ್ತದೆ. ಅಲ್ಲಿಗೆ ಯಾವ ಟಿಶ್ಯೂ ಪಟ್ಟಿಯೂ ತಲುಪುವುದಿಲ್ಲ.

ಇನ್ನೊಂದು ಥರದ ತೀರ್ಪೂ ಇದೆ, ಅದರ ಮೇಲೆ ಸ್ವಲ್ಪ ಕೈ ಓಡುತ್ತದೆ. ಶಿಕಾಗೊ ವಿಶ್ವವಿದ್ಯಾಲಯದ ಲೆವ್-ಆರಿ ಮತ್ತು ಕೀಸರ್ 2010ರಲ್ಲಿ ಹೇಳಿದ್ದು: ಪರದೇಶಿ ಆಕ್ಸೆಂಟಿನಲ್ಲಿ ಕೇಳಿದ ಮಾತನ್ನು ಜನ ಕಮ್ಮಿ ನಂಬಿದರು. ಕೇಳಲು ಪಡುವ ಶ್ರಮವನ್ನೇ ಕಿವಿ ಅನುಮಾನ ಅಂತ ತಿಳಿದುಬಿಡುತ್ತದೆ ಅನ್ನುವುದು ಅವರ ವಿವರಣೆ. ಶ್ರಮ ಕಮ್ಮಿ ಮಾಡುವುದು ನನ್ನ ಕೈಯಲ್ಲಿದೆ.

ಇದನ್ನೆಲ್ಲ ಅಮೆರಿಕದವರ ತಲೆಗೆ ಕಟ್ಟಿ ಸುಮ್ನಿರಲು ನನಗೆ ಮನಸ್ಸಾಗಲಿಲ್ಲ. ಧಾರವಾಡದ ಕನ್ನಡ, ಮೈಸೂರಿನ ಕನ್ನಡ ಎರಡನ್ನೂ ಸಲೀಸಾಗಿ ಆಡುವ ಗೆಳೆಯನಿಂದ ಒಂದೇ ವಿಷಯವನ್ನು ಎರಡು ಥರ ರೆಕಾರ್ಡ್ ಮಾಡಿಸಿ, ಎಚ್ಆರ್‌ನ ಹತ್ತು ಹನ್ನೆರಡು ಜನರಿಗೆ ಕೇಳಿಸಿದೆ. ಒಬ್ಬನೇ ಅಂತ ಹೇಳಲಿಲ್ಲ. ಧಾರವಾಡದ ‘ಮನುಷ್ಯ’ ನಂಬಿಕಸ್ಥ, ನೇರ, ಆದರೆ ಮ್ಯಾನೇಜರ್ ಕೆಲಸಕ್ಕೆ ಬೇಡ ಅಂದರು. ಹಾಗೆ ಅಂದವರಲ್ಲಿ ಮೂವರು ಹುಬ್ಬಳ್ಳಿ ಕಡೆಯವರೇ. ಗೆಳೆಯನಿಗೆ ಇದನ್ನು ಹೇಳಿದಾಗ ಅವನು ತುಂಬ ಹೊತ್ತು ಮಾತಾಡಲಿಲ್ಲ. 1960ರಲ್ಲಿ ವ್ಯಾಲೇಸ್ ಲ್ಯಾಂಬರ್ಟ್ ಮತ್ತು ಜೊತೆಗಾರರು ಮಾಂಟ್ರಿಯಲ್‌ನಲ್ಲಿ ಇದೇ ಉಪಾಯ ಮಾಡಿದ್ದರು. ಅಲ್ಲೂ ಫ್ರೆಂಚ್ ಮಾತಾಡುವವರೇ ಫ್ರೆಂಚ್ ದನಿಗೆ ಕಮ್ಮಿ ಅಂಕ ಕೊಟ್ಟಿದ್ದರು.

ಈಗ ಒಪ್ಪಂದದಲ್ಲಿ ‘ನ್ಯೂಟ್ರಲ್ ಆಕ್ಸೆಂಟ್’ ಅನ್ನುವ ಮಾತಿಗೆ ನಾನು ಸಹಿ ಹಾಕುವುದಿಲ್ಲ. ತಲೆಗೆ ಆರು ಸಾವಿರ. ಅರ್ಧ ಮೊದಲೇ, ಉಳಿದರ್ಧ ಆ ಕೇಳಿ ಬರೆಯುವ ಡಿಕ್ಟೇಷನ್‌ನ ಅಂಕ ಎಂಬತ್ತೈದು ದಾಟಿದರೆ ಮಾತ್ರ. ಕೇಳುಗರ ಖರ್ಚು ಕಂಪನಿಯದು. ಎರಡು ಕಂಪನಿಯವರು ಆಗಲ್ಲ ಅಂದರು, ಮೂರು ಕಂಪನಿಯವರು ಒಪ್ಪಿದರು. ಕಳೆದ ನಾಲ್ಕು ಬ್ಯಾಚ್‌ಗಳಲ್ಲಿ ಉಳಿದರ್ಧ ಸಿಗದೇ ಹೋದದ್ದು ಐದಾರು ಜನರದ್ದು, ಅಷ್ಟೇ. ಕಡೂರಿನ ಹುಡುಗ ಈಗ ಅದೇ ಪ್ರೋಸೆಸ್‌ನಲ್ಲಿ ಟೀಮ್ ಲೀಡ್. ಅವನ ಹೆಸರು ಕೇಳಿದ ಕೂಡಲೇ ಫೋನ್ ಇಡುವವರು ದಿನಕ್ಕೆ ಒಬ್ಬರೋ ಇಬ್ಬರೋ ಈಗಲೂ ಇದ್ದಾರಂತೆ. ಆ ಕಾಲ್‌ಗಳನ್ನು ಹುಡುಗರ ಎಂಟಿಐ ಲೆಕ್ಕಕ್ಕೆ ಹಾಕಬಾರದು ಅಂತ ಕ್ಯೂಎ ಜೊತೆ ಜಗಳ ಮಾಡಿ, ಶೀಟಿನಲ್ಲಿ ಅದಕ್ಕೆ ಬೇರೆ ಕಾಲಂ ಹಾಕಿಸಿದ್ದಾನೆ.