ಕ್ಯೂರಿಂಗ್ ವರ್ಕ್ಸ್ ಬಿಡುವಾಗ ವಿದಾಯದ ಬರಹವನ್ನು ನಾನು ಬರೆದ ಬಗೆ

ತೋಟದಿಂದ ಬಂದ ಕಾಫಿಯ ಸಿಪ್ಪೆ ಬಿಡಿಸಿ ದರ್ಜೆವಾರು ಬೇರ್ಪಡಿಸುವ, ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಕ್ವಾಲಿಟಿ ವಿಭಾಗ ಬಿಡುವಾಗ ಆಫೀಸಿನ ವಾಟ್ಸಾಪ್ ಗ್ರೂಪಿಗೆ ವಿದಾಯದ ನಾಲ್ಕು ಮಾತು ಬರೆದೆ. ಎಲ್ಲರಿಗೂ ಮನಸಾರೆ ಧನ್ಯವಾದ ಹೇಳಬೇಕು, ಯಾರ ಕಡೆಗೂ ಬೊಟ್ಟು ಮಾಡಿದ ಹಾಗೆ ಕಾಣಬಾರದು ಅನ್ನುವುದಷ್ಟೇ ನನಗಿದ್ದ ಗುರಿ. ಇಂಥ ಬರಹದಲ್ಲಿ ನೇರವಾಗಿ ದೂರು ಹೇಳುವವರು ಕಡಿಮೆ. ಕೊಂಕು ನುಸುಳುವುದು ಧನ್ಯವಾದದ ಸಾಲಿನಲ್ಲೇ.

ಮೊದಲು ತೀರ್ಮಾನ ಮಾಡಬೇಕಾದದ್ದು ಯಾರ ನಂತರ ಯಾರು ಅನ್ನುವುದು. ಹುದ್ದೆಯ ಪ್ರಕಾರ ಬರೆದರೆ ಹಮಾಲರು, ವಾಚ್‌ಮನ್ ಕೊನೆಯಲ್ಲಿ ಬರುತ್ತಾರೆ. ಆತ್ಮೀಯತೆಯ ಪ್ರಕಾರ ಬರೆದರೆ ದೂರ ಉಳಿದವರು ಯಾರು ಅನ್ನುವುದು ಎಲ್ಲರಿಗೂ ಗೊತ್ತಾಗುತ್ತದೆ. ನಾನು ಕಾಫಿ ಸಾಗುವ ದಾರಿಯನ್ನೇ ಹಿಡಿದೆ: ಗೇಟು, ತೂಕ, ಸ್ಯಾಂಪಲ್, ಒಣಗಿಸುವ ಕಣ, ಸಿಪ್ಪೆ ಬಿಡಿಸುವ ಹಲ್ಲರ್, ಗ್ರೇಡಿಂಗ್, ಕೆಟ್ಟ ಬೀಜ ಆರಿಸಿ ತೆಗೆಯುವ ಗಾರ್ಬ್ಲಿಂಗ್, ಲ್ಯಾಬು, ಡಿಸ್ಪ್ಯಾಚ್, ಅಕೌಂಟ್ಸ್. ಇದರಲ್ಲಿ ದೊಡ್ಡವರು ಚಿಕ್ಕವರು ಅನ್ನುವ ಲೆಕ್ಕ ಬರುವುದಿಲ್ಲ, ಯಾವ ವಿಭಾಗವೂ ಬಿಟ್ಟುಹೋಗುವುದಿಲ್ಲ. ಹೆಸರು ಹಿಡಿದು ಹೇಳಬೇಕಾದ್ದನ್ನು ಅವರವರಿಗೇ ಬೇರೆಯಾಗಿ ಬರೆದೆ. ಗ್ರೂಪಿನಲ್ಲಿ ಐದಾರು ಹೆಸರು ಬರೆದರೆ ಉಳಿದವರ ಕಣ್ಣು ತಮ್ಮ ಹೆಸರನ್ನೇ ಹುಡುಕುತ್ತದೆ.

ಆಮೇಲೆ ಪ್ರತಿಯೊಂದು ವಿಭಾಗಕ್ಕೂ ಕಣ್ಣಿಗೆ ಕಟ್ಟುವಂಥ ಒಂದೊಂದು ಕೆಲಸ. 'ನಿಮ್ಮ ಸಹಕಾರಕ್ಕೆ ಧನ್ಯವಾದ' ಅನ್ನುವುದು ಯಾರಿಗೂ ತಟ್ಟುವುದಿಲ್ಲ. ಆದರೆ ಎಂಥ ಕೆಲಸವನ್ನು ಆರಿಸುತ್ತೇವೆ ಅನ್ನುವುದರಲ್ಲಿ ಎಚ್ಚರ ಬೇಕು. 'ಮಾಯಿಶ್ಚರ್ ಮೀಟರ್ ಕೆಟ್ಟಾಗಲೆಲ್ಲ ಕಣದ ಮೇಸ್ತ್ರಿ ಬೀಜ ಕಚ್ಚಿ ನೋಡಿ ಕಾಪಾಡಿದರು' ಎಂದು ಬರೆದರೆ ಹೊಗಳಿಕೆ ಮೇಸ್ತ್ರಿಗೆ, ಪೆಟ್ಟು ಮೀಟರ್ ನೋಡಿಕೊಳ್ಳುವವರಿಗೆ. 'ರಾತ್ರಿ ಹತ್ತರವರೆಗೆ ಲೋಡ್ ಮಾಡಿದ ಹಮಾಲರು' ಅಂದರೆ ಅಷ್ಟು ಹೊತ್ತು ನಿಲ್ಲಿಸಿಕೊಂಡವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕಷ್ಟದ ಹೊತ್ತಿನಲ್ಲಿ ಆದ ಸಹಾಯವನ್ನು ಹೇಳಿದರೆ ಆ ಕಷ್ಟವೂ ಜೊತೆಗೆ ಬರುತ್ತದೆ. ಆದ್ದರಿಂದ ನಾನು ಆರಿಸಿದ್ದು ದಿನನಿತ್ಯದ ಕೈಚಳಕವನ್ನು, ಅವರಿಂದ ಕಲಿತದ್ದನ್ನು. ಮೇಸ್ತ್ರಿಯ ಸಾಲು ಕರಡಿನಲ್ಲಿ ಹೀಗಾಯಿತು: 'ಒಂದು ಬೀಜ ಕಚ್ಚಿ ಪಾರ್ಚ್‌ಮೆಂಟ್ ಎಷ್ಟು ಒಣಗಿದೆ ಎಂದು ತಿಳಿಯುವುದನ್ನು ನನಗೆ ಹೇಳಿಕೊಟ್ಟಿರಿ.'

ಇನ್ನು ಸಣ್ಣ ಸಣ್ಣ ಮಾತುಗಳು. 'ಒಳ್ಳೆಯ ಕಂಪನಿಯಾಗಿತ್ತು' ಅಂದರೆ ಈಗ ಅಲ್ಲ ಅನ್ನುವ ಅರ್ಥ ಬರುತ್ತದೆ. 'ನೀವೇ ನನಗೆ ಕಲಿಸಿದ್ದು' ಅಂದರೆ ಉಳಿದವರು ಕಲಿಸಲಿಲ್ಲ ಎಂದಾಗುತ್ತದೆ, 'ನೀವು ಕಲಿಸಿದಿರಿ' ಸಾಕು. 'ಏನೇ ಇರಲಿ', 'ಏಳುಬೀಳುಗಳ ನಡುವೆಯೂ', 'ನಿಜವಾಗಿ ಜೊತೆಗಿದ್ದವರು' ಇವನ್ನು ಕರಡಿನಲ್ಲಿ ಹುಡುಕಿ ಹುಡುಕಿ ತೆಗೆಯಬೇಕು. 'ನನ್ನಿಂದ ತಪ್ಪಾಗಿದ್ದರೆ ಮನ್ನಿಸಿ' ಅನ್ನುವುದು ನಮ್ಮ ಕಡೆಯ ರೂಢಿಯ ಮಾತು. ಆದರೆ ಯಾರ ಜೊತೆಗಾದರೂ ಮಾತಿಗೆ ಮಾತು ಬೆಳೆದದ್ದು ಎಲ್ಲರಿಗೂ ಗೊತ್ತಿದ್ದರೆ ಅದೇ ಮಾತು ಆ ಜಗಳವನ್ನು ನೆನಪಿಸುತ್ತದೆ. ಅಂಥದ್ದೇನಾದರೂ ಇದ್ದರೆ ಎದುರಿಗೆ ಹೋಗಿ ಮಾತಾಡಿಕೊಳ್ಳುವುದು ಮೇಲು.

ಬಿಡುವ ಕಾರಣವನ್ನು ಬರೆಯಲಿಲ್ಲ. 'ಬೆಳೆಯುವ ಅವಕಾಶಕ್ಕಾಗಿ' ಎಂದರೂ ಇಲ್ಲಿ ಬೆಳೆಯಲಾಗಲಿಲ್ಲ ಎಂದು ಓದಿಕೊಳ್ಳುವವರಿರುತ್ತಾರೆ. ಹೊಸ ಕಂಪನಿಯ ಹೆಸರೂ ಬೇಡ. ಪ್ಲಾಂಟರುಗಳ ಹೆಸರು, ಅವರ ಕಾಫಿಯಲ್ಲಿ ಎಷ್ಟು ಬೀಜ ಬಂತು ಅನ್ನುವ ಔಟ್‌ಟರ್ನ್, ಕೊಳ್ಳುವವರ ವಿವರ ಯಾವುದೂ ಬರಬಾರದು, ಹೊಗಳಿಕೆಗೂ ಬರಬಾರದು. ಲ್ಯಾಬಿನ ಫೋಟೋ ಹಾಕುವುದಾದರೆ ಸ್ಯಾಂಪಲ್ ತಟ್ಟೆಗಳ ಮೇಲಿನ ಚೀಟಿ ಕಾಣದಂತೆ ತೆಗೆಯಬೇಕು.

ಕೊನೆಗೆ ಹಾಕಿದ್ದು ಇದು:

'ಎಲ್ಲರಿಗೂ ನಮಸ್ಕಾರ. ಈ ಶನಿವಾರ ಇಲ್ಲಿ ನನ್ನ ಕೊನೆಯ ದಿನ. ಬೆಳಿಗ್ಗೆ ಗೇಟಿನಲ್ಲಿ ನಗುತ್ತಾ ಬರಮಾಡಿಕೊಳ್ಳುವ ಸೆಕ್ಯುರಿಟಿಯವರಿಗೆ, ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುವುದನ್ನು ತೋರಿಸಿಕೊಟ್ಟ ಹಮಾಲರಿಗೆ, ಬೀಜ ಕಚ್ಚಿ ಒಣಗು ತಿಳಿಯುವುದನ್ನು ಹೇಳಿಕೊಟ್ಟ ಮೇಸ್ತ್ರಿಯವರಿಗೆ, ಹಲ್ಲರ್ ಮತ್ತು ಗ್ರೇಡರ್ ಜಾಲರಿಗಳನ್ನು ಪರಿಚಯಿಸಿದ ಮೆಷಿನ್ ವಿಭಾಗದವರಿಗೆ, ಕಪ್ಪುಕಾಳು ಗುರುತಿಸಲು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ ಗಾರ್ಬ್ಲಿಂಗ್ ವಿಭಾಗದ ಅಕ್ಕಂದಿರಿಗೆ, ಕಪ್ಪಿಂಗ್ ಟೇಬಲ್ಲಿನಲ್ಲಿ ನಾಲಿಗೆ ಪಳಗಿಸಿದ ಲ್ಯಾಬಿನವರಿಗೆ, ಲಾಟಿನ ದಾಖಲೆ ಓದುವುದನ್ನು ಕಲಿಸಿದ ಡಿಸ್ಪ್ಯಾಚ್ ಮತ್ತು ಅಕೌಂಟ್ಸ್‌ನವರಿಗೆ, ಈ ಕೆಲಸವನ್ನು ನಂಬಿ ಕೊಟ್ಟ ಮ್ಯಾನೇಜರ್ ಸಾರ್‌ಗೆ ಹೃತ್ಪೂರ್ವಕ ಧನ್ಯವಾದ. ಸ್ಯಾಂಪಲ್ ರಿಜಿಸ್ಟರ್ ಮತ್ತು ಬೀರುವಿನ ಕೀ ಲ್ಯಾಬಿನಲ್ಲಿ ಒಪ್ಪಿಸಿ ಹೋಗುತ್ತೇನೆ. ನನ್ನ ಫೋನ್ ನಂಬರ್ ಇದೇ ಇರುತ್ತದೆ.'

ರಿಜಿಸ್ಟರಿನ ಆ ಸಾಲು ಸಣ್ಣದಾದರೂ ಬೇಕು. ಮರುದಿನ ಆ ಮೇಜಿಗೆ ಬಂದು ಕೂರುವವರಿಗೆ ಅದೂ ಒಂದು ಗೌರವ.

ಹಾಕುವ ಮೊದಲು ಮ್ಯಾನೇಜರ್‌ಗೆ ತೋರಿಸಿದೆ. ಆಮೇಲೆ ಆಫೀಸಿನ ಒಳಹೊರಗು ಬಲ್ಲ ಒಬ್ಬ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಿದೆ. 'ಚೆನ್ನಾಗಿದೆಯಾ?' ಎಂದು ಕೇಳಿದರೆ ಚೆನ್ನಾಗಿದೆ ಎಂದೇ ಅನ್ನುತ್ತಾರೆ. 'ಇದನ್ನು ಓದಿ ಯಾರಿಗಾದರೂ ಚುಚ್ಚಬಹುದಾ, ಅಣ್ಣಾ?' ಎಂದು ಕೇಳಬೇಕು. ಗ್ರೂಪಿಗೆ ಹಾಕಿದ್ದು ಊಟದ ಬಿಡುವಿನಲ್ಲಿ, ಕೊನೆಯ ದಿನಕ್ಕೆ ಇನ್ನೂ ಎರಡು ದಿನ ಇರುವಾಗ. ಹಾಗೆ ಮಾಡಿದರೆ ಓದಿದವರು ಎದುರಿಗೆ ಬಂದು ಮಾತಾಡಿಸಲು ಸಮಯ ಇರುತ್ತದೆ.