ತಿಂಗಳ ಕೊನೆಯ ಲೈಸೆನ್ಸ್ ಎರರ್: ಒಂದು ಪತ್ರದಲ್ಲಿ ಮುಗಿಸಿದ ಬಗೆ

ಬದಿಯಡ್ಕದ ಅಡಿಕೆ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ನೋಡುವವನು ನಾನು. ತಿಂಗಳು ಮುಗಿಯುವ ಎರಡು ಮೂರು ದಿನ ಮೊದಲು ನಮ್ಮ ಅಕೌಂಟ್ಸ್ ಸಾಫ್ಟ್‌ವೇರ್ 'ಈ ಯಂತ್ರಕ್ಕೆ ಲೈಸೆನ್ಸ್ ಇಲ್ಲ' ಎಂದು ನಿಂತುಬಿಡುತ್ತಿತ್ತು. 1ನೇ ತಾರೀಕಿಗೆ ತಾನಾಗಿಯೇ ಸರಿ. ಸರ್ವಿಸಿನವ ಬಂದರೆ ಸುಮಾರು 500 ರೂಪಾಯಿ. ಮೂರು ಸಲ ರೀಇನ್‌ಸ್ಟಾಲ್ ಮಾಡಿಸಿದೆವು, ಆಂಟಿವೈರಸ್ ತೆಗೆಸಿದೆವು. ಕೊನೆಗೆ ಸಾಫ್ಟ್‌ವೇರ್ ಕಂಪನಿಯವರು, ನೀವು ಕಂಪ್ಯೂಟರಿನ ತಾರೀಕು ಹಿಂದಕ್ಕೆ ತಿರುಗಿಸುತ್ತೀರಿ, ಹೊಸ ಲೈಸೆನ್ಸ್ ತೆಗೆದುಕೊಳ್ಳಿ ಎಂದರು. ಅದಕ್ಕೆ 18 ಸಾವಿರದ ಹತ್ತಿರ.

ನನ್ನ ಕಣ್ಣಿಗೆ ಬಿದ್ದದ್ದು ಎರರ್ ಕೆಳಗಿನ ಸಣ್ಣ ಸಾಲು, `Host ID`, ಅಂದರೆ ಸಾಫ್ಟ್‌ವೇರ್ ಯಂತ್ರವನ್ನು ಗುರುತಿಸುವ ನಂಬರು. ಪ್ರತಿ ಸಲ ಬೇರೆ ಬೇರೆ! ತಿಂಗಳ ಕೊನೆಗೆ ನಮ್ಮ ಬ್ರಾಡ್‌ಬ್ಯಾಂಡಿನ ಕೋಟಾ ಮುಗಿದು ವೇಗ ಬಿದ್ದುಹೋಗುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಲು ಫೋನನ್ನು ಯುಎಸ್‌ಬಿಗೆ ಹಾಕಿ ನೆಟ್ ಕೊಡುತ್ತೇವೆ. ಆಗ ವಿಂಡೋಸ್‌ಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಸೇರಿದ ಹಾಗೆ. ನೆಟ್‌ವರ್ಕ್ ಕಾರ್ಡಿನ ಗುರುತಿನ ನಂಬರಿಗೆ ಮ್ಯಾಕ್ ವಿಳಾಸ ಎನ್ನುತ್ತಾರೆ, ನಮ್ಮ ಫೋನಿನಲ್ಲಿ ಅದು ಪ್ರತಿ ಸಲ ಹೊಸದು. ಸಾಫ್ಟ್‌ವೇರ್ ಲೈಸೆನ್ಸನ್ನು ತಾಳೆ ನೋಡುವುದು ಪಟ್ಟಿಯ ಮೊದಲ ಕಾರ್ಡಿಗೆ.

ಖಾತ್ರಿಗೆ 12ನೇ ತಾರೀಕು ಸುಮ್ನೆ ಫೋನ್ ಹಾಕಿದೆ. ಎರರ್ ಬಂತು! ಆ ತಿಂಗಳ 30ಕ್ಕೆ ಫೋನ್ ಮುಟ್ಟಲೇ ಇಲ್ಲ, ಎರರೂ ಇಲ್ಲ. ತಾರೀಕಿನ ಮಾತು ಅಲ್ಲಿಗೆ ಮುಗಿಯಿತು, ಅಲ್ವಾ? ನಡುವೆ ವೈಫೈ ಯುಎಸ್‌ಬಿ ಕಡ್ಡಿಯನ್ನೂ ಹಾಕಿ ನೋಡಿದೆ, ಅದಕ್ಕೂ ಇದೇ ಕಥೆ. ವಿಂಡೋಸ್‌ನಲ್ಲಿ ಕಾರ್ಡುಗಳ ಮೆಟ್ರಿಕ್, ಅಂದರೆ ಯಾವ ಕಾರ್ಡಿಗೆ ಆದ್ಯತೆ ಎಂಬ ಸಂಖ್ಯೆ, ಬದಲಿಸಿದ್ದರಿಂದ ಏನೂ ಪ್ರಯೋಜನವಾಗಲಿಲ್ಲ.

"ಪತ್ರ ಬರೆದರೆ ಯಾರು ಓದುತ್ತಾರೆ ಮಾರಾಯ್ರೆ?" ಎಂದರು ಧಣಿ. ಆಡಿಟರ ಆಫೀಸಿನವರೂ ನಕ್ಕರು. ನಾನು ಕಂಪನಿಗೆ ಬರೆದೆ, ಒಂದೇ ಪುಟ. ತಡವಾದ ಸಂಬಳ, ಹೋದ ದುಡ್ಡು ಯಾವುದನ್ನೂ ಮೊದಲಿಗೆ ಹಾಕಲಿಲ್ಲ. ಫೋನ್ ಹಾಕುವ ಮೊದಲು ಮತ್ತು ಹಾಕಿದ ಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಓಡಿಸಿ, ಎರಡೂ ಸಲದ ಪರದೆಯ ಚಿತ್ರ ಅಂಟಿಸಿದೆ:

```
getmac /v /fo list
```

ಎರಡನೆಯದರಲ್ಲಿ `Remote NDIS based Internet Sharing Device` ಎಂಬ ಸಾಲು ಹೊಸದಾಗಿ ಬಂದಿತ್ತು. ಅದರ ವಿಳಾಸವೂ ಎರರಿನ `Host ID`ಯೂ ಒಂದೇ. ಎರಡಕ್ಕೂ ಕೆಂಪು ಗೆರೆ ಎಳೆದೆ. ಕೆಳಗೆ ಹೀಗೆ ಬರೆದೆ: "ಮಾನ್ಯರೇ, ನಿಮ್ಮ ಯಾವ ಯಂತ್ರದಲ್ಲಾದರೂ ಫೋನ್ ಜೋಡಿಸಿ ನೋಡಿ, ಐದು ನಿಮಿಷದ ಕೆಲಸ. ನಮ್ಮ ಲೈಸೆನ್ಸನ್ನು ಮದರ್‌ಬೋರ್ಡಿನ ಸೀರಿಯಲ್ ನಂಬರಿಗೆ ಕಟ್ಟಿಕೊಡಿ." ಪತ್ರದ ಇನ್ನೊಂದು ಪ್ರತಿ ಯಾರಿಗೆ ಹೋಯಿತು ಎಂಬುದು ನನ್ನಲ್ಲೇ ಇರಲಿ. ಕೆಲಸ ಮಾಡಿದ್ದು ಅದೂ ಹೌದು.

ಹತ್ತು ದಿನದೊಳಗೆ ಹೊಸ ಲೈಸೆನ್ಸ್ ಫೈಲ್ ಬಂತು, ಪುಕ್ಕಟೆ. ಈಗ ಐದಾರು ತಿಂಗಳಾಯಿತು, ಫೋನ್ ಹಾಕಿದರೂ ಒಂದು ಸಲವೂ ನಿಂತಿಲ್ಲ. ಆದರೆ ಮದರ್‌ಬೋರ್ಡ್ ಸುಟ್ಟರೆ ಇದೂ ನಿಲ್ಲುತ್ತದೆ. ನಮ್ಮಲ್ಲಿ ಮಳೆಗಾಲದ ಸಿಡಿಲು ಗೊತ್ತಲ್ಲ. ಹಾಗಾಗಿ ಬೋರ್ಡ್ ಬದಲಾದರೆ ದುಡ್ಡು ಕೇಳದೆ ಫೈಲ್ ಮಾಡಿಕೊಡುತ್ತೇವೆ ಎಂದು ಅವರಿಂದ ಮೇಲ್‌ನಲ್ಲೇ ಬರೆಸಿಕೊಂಡಿದ್ದೇನೆ.