ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಎಷ್ಟಿದೆ? ಗೆರೆ ಎಳೆದು ಲೆಕ್ಕ ಹಾಕುವ ಬಗೆ

ಫಿನಾಂತ್ರೊಲಿನ್ ಸೇರಿಸಿದ ನೀರು ಕಬ್ಬಿಣವಿದ್ದರೆ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗುತ್ತದೆ. ಆ ಬಣ್ಣ 510 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಎಂಬುದನ್ನಷ್ಟೇ ಸ್ಪೆಕ್ಟ್ರೋಫೋಟೋಮೀಟರ್ ಹೇಳುತ್ತದೆ. ಅದನ್ನು ಕಬ್ಬಿಣದ ಪ್ರಮಾಣವಾಗಿ ಓದಲು ಮಾಪನ ರೇಖೆ ಬೇಕು.

ಲೀಟರಿಗೆ 10 ಮಿ.ಗ್ರಾಂ ಕಬ್ಬಿಣವಿರುವ ದ್ರಾವಣದಿಂದ 0, 2.5, 5, 10, 15, 20 ಮಿ.ಲೀ. ತೆಗೆದು ಆರು 50 ಮಿ.ಲೀ. ಫ್ಲಾಸ್ಕ್‌ಗಳಿಗೆ ಹಾಕಿ. ಏಳನೆಯದಕ್ಕೆ 10 ಮಿ.ಲೀ. ಬೋರ್‌ವೆಲ್ ನೀರು. ಎಲ್ಲಕ್ಕೂ ಒಂದೇ ಅಳತೆಯಲ್ಲಿ ಹೈಡ್ರಾಕ್ಸಿಲಮೀನ್, ಸೋಡಿಯಂ ಅಸಿಟೇಟ್, ಫಿನಾಂತ್ರೊಲಿನ್ ಸೇರಿಸಿ, ಗುರುತಿನವರೆಗೆ ಡಿಸ್ಟಿಲ್ಡ್ ನೀರು ತುಂಬಿಸಿ. ಹೈಡ್ರಾಕ್ಸಿಲಮೀನ್ ಬಿಟ್ಟರೆ ಫೆರಿಕ್ ಕಬ್ಬಿಣ ಫೆರಸ್ ಆಗದೆ ಉಳಿದು ಬಣ್ಣ ಕಡಿಮೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ಅಳೆಯಿರಿ.

ಮೊದಲ ಆರು ಫ್ಲಾಸ್ಕ್‌ಗಳೇ ಸ್ಟ್ಯಾಂಡರ್ಡ್‌ಗಳು; ಅವುಗಳಲ್ಲಿ ಕಬ್ಬಿಣದ ಪ್ರಮಾಣ ಈಗ 0, 0.5, 1, 2, 3, 4 ಮಿ.ಗ್ರಾಂ/ಲೀ. ಹೀರಿಕೆ ಕ್ರಮವಾಗಿ 0.004, 0.103, 0.201, 0.399, 0.595, 0.790 ಬಂತು ಎನ್ನೋಣ. ಎಕ್ಸೆಲ್‌ನಲ್ಲಿ ಎರಡನೇ ಸಾಲಿನಿಂದ ಶುರುಮಾಡಿ ಪ್ರಮಾಣವನ್ನು A ಕಾಲಂನಲ್ಲಿ, ಹೀರಿಕೆಯನ್ನು B ಕಾಲಂನಲ್ಲಿ ಬರೆದು:

```
=SLOPE(B2:B7,A2:A7)
=INTERCEPT(B2:B7,A2:A7)
```

ಓರೆ 0.1966, ಛೇದ 0.0046. ಎರಡು ಕಾಲಂ ಅದಲು-ಬದಲಾದರೆ ಓರೆ 5ರ ಆಸುಪಾಸು ಬರುತ್ತದೆ; ಪ್ರಮಾಣ 1 ಹೆಚ್ಚಿದರೆ ಹೀರಿಕೆ ಸುಮಾರು 0.2 ಏರಬೇಕು ಎಂಬುದು ನೆನಪಿದ್ದರೆ ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತದೆ.

ನೀರಿನ ಹೀರಿಕೆ 0.312 ಎಂದಿಟ್ಟುಕೊಳ್ಳಿ. ಮೊದಲು ಛೇದ ಕಳೆದು, ಆಮೇಲೆ ಓರೆಯಿಂದ ಭಾಗಿಸಿ: (0.312 − 0.0046) ÷ 0.1966 = 1.56. ಇಲ್ಲಿಗೇ ನಿಲ್ಲಿಸುವವರು ಬಹಳ. ಇದು ಫ್ಲಾಸ್ಕ್‌ನೊಳಗಿನ ಪ್ರಮಾಣ, 10 ಮಿ.ಲೀ. ನೀರನ್ನು 50ಕ್ಕೆ ಏರಿಸಿದ್ದರಿಂದ ಐದರಿಂದ ಗುಣಿಸಬೇಕು. ಬೋರ್‌ವೆಲ್‌ನಲ್ಲಿರುವುದು ಲೀಟರಿಗೆ 7.8 ಮಿ.ಗ್ರಾಂ.

ಗೆರೆ ಬಿಂದುಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ R² 0.999 ಇದೆ ಎಂದು ನೆಮ್ಮದಿಯಾಗಬೇಡಿ. ಸ್ವಲ್ಪ ಬಾಗಿದ ರೇಖೆಗೂ ಅದು ಬರುತ್ತದೆ. ಪ್ರತಿ ಬಿಂದುವಿನ ನಿಜ ಹೀರಿಕೆಯಿಂದ ಗೆರೆ ಹೇಳುವ ಹೀರಿಕೆಯನ್ನು ಕಳೆದು ನೋಡಿ. ನಮ್ಮ ಉದಾಹರಣೆಯಲ್ಲಿ ಯಾವ ವ್ಯತ್ಯಾಸವೂ 0.0012 ದಾಟುವುದಿಲ್ಲ, ಚಿಹ್ನೆಗಳೂ ಬೆರಕೆಯಾಗಿವೆ. ಎರಡು ತುದಿಗಳಲ್ಲಿ ಋಣ, ನಡುವೆಲ್ಲ ಧನ ಬಂದರೆ ರೇಖೆ ಮೇಲ್ತುದಿಯಲ್ಲಿ ಬಾಗುತ್ತಿದೆ ಎಂದರ್ಥ. ಮೇಲಿನ ಸ್ಟ್ಯಾಂಡರ್ಡ್ ಕೈಬಿಟ್ಟು ಚಿಕ್ಕ ವ್ಯಾಪ್ತಿಯಲ್ಲಿ ಗೆರೆ ಎಳೆಯಿರಿ.

ನೀರಿನ ಹೀರಿಕೆ 1.4 ಬಂದರೆ ಗೆರೆಯನ್ನು ಮುಂದಕ್ಕೆ ಎಳೆದು ಓದಬೇಡಿ. 4ರಾಚೆ ಅದು ನೇರವೇ ಇದೆ ಎಂಬುದಕ್ಕೆ ನಿಮ್ಮ ಕೈಯಲ್ಲಿ ಬಿಂದುವಿಲ್ಲ. 10ರ ಬದಲು 2 ಮಿ.ಲೀ. ನೀರು ತೆಗೆದುಕೊಂಡು ಮತ್ತೆ ಬಣ್ಣ ಬರಿಸಿ, ಈ ಸಲ 25ರಿಂದ ಗುಣಿಸಿ.